ನಿಯಮಪ್ಪನವರ ಹಾಸಿಗೆ ವಿಶ್ರಾಂತಿ

ನನ್ನ ಪೇಂಟು-ಹಾರ್ಡ್‌ವೇರ್ ಅಂಗಡಿಯ ಮೇಲಿನ ಮನೆಯಲ್ಲಿ ಹನ್ನೊಂದು ವರ್ಷದಿಂದ ಬಾಡಿಗೆಗಿರುವವರು ಬ್ಯಾಂಕಿನ ನೌಕರರು. ಅವರ ಹೆಸರು ಬಾಡಿಗೆ ಪತ್ರದಲ್ಲಿದೆ, ಆದರೆ ಅದನ್ನು ಬಳಸುವವರು ಯಾರೂ ಇಲ್ಲ. ಬ್ಯಾಂಕಿನಲ್ಲಿ ಸಿಬ್ಬಂದಿಯ ರಜೆ, ಹಾಜರಿ, ಬಡ್ತಿ ಇತ್ಯಾದಿ ನೋಡಿಕೊಳ್ಳುವ ಮೇಜು ಅವರದು. ಅಲ್ಲಿಯವರು ಬೆನ್ನ ಹಿಂದೆ ಅವರನ್ನು ನಿಯಮಪ್ಪ ಅಂತ ಕರೆಯುತ್ತಿದ್ದರು. ಅದು ಹೇಗೋ ನಮ್ಮ ರಸ್ತೆಗೂ ಬಂತು, ಆಮೇಲೆ ಅವರ ಕಿವಿಗೂ ಬಿತ್ತು. ಅವರಿಗೆ ಬೇಸರವಾಗಲಿಲ್ಲ. ಬೇಸರವಾಗುವ ಹೆಸರೇ ಅಲ್ಲವಲ್ಲ ಅದು ಅನ್ನುವ ಹಾಗೆ ತಲೆಯಾಡಿಸಿದರು.

ಬಾಡಿಗೆ ಕೊಡುವುದರಲ್ಲಿ ಅವರಂಥ ಮನುಷ್ಯ ಸಿಗುವುದಿಲ್ಲ. ರಸೀದಿ ಕೇಳುವುದರಲ್ಲೂ ಸಿಗುವುದಿಲ್ಲ. ಹನ್ನೊಂದು ವರ್ಷದ ರಸೀದಿಗಳೂ ಅವರ ಬಳಿ ತಾರೀಕಿನ ಪ್ರಕಾರ ಪೋಣಿಸಿಕೊಂಡು ಕೂತಿವೆ. ಒಮ್ಮೆ ನಾನು ತಾರೀಕು ತಪ್ಪು ಹಾಕಿದ್ದೆ ಅಂತ ರಾತ್ರಿ ಊಟ ಬಿಟ್ಟು ಕೆಳಗಿಳಿದು ಬಂದಿದ್ದರು.

ಇಂಥವರಿಗೆ ಒಂದು ಸೋಮವಾರ ಬ್ಯಾಂಕಿನಲ್ಲಿ ಕೂತಿದ್ದ ಹಾಗೆಯೇ ಎದೆ ಹಿಂಡಿತು. ಎಡಗೈ ಭಾರವಾಯಿತು, ಅಂಗಿ ಬೆವರಿನಲ್ಲಿ ನೆಂದುಹೋಯಿತು. ಮ್ಯಾನೇಜರು ತಮ್ಮ ಕಾರಿನಲ್ಲೇ ಹಾಕಿಕೊಂಡು ಆಸ್ಪತ್ರೆಗೆ ಓಡಿದರು. ಹೃದಯಕ್ಕೆ ರಕ್ತ ಒಯ್ಯುವ ಒಂದು ನಾಳ ಹೆಚ್ಚುಕಡಿಮೆ ಪೂರ್ತಿ ಕಟ್ಟಿಕೊಂಡಿತ್ತಂತೆ. ಮಣಿಕಟ್ಟಿನ ಮೂಲಕ ತಂತಿ ಕಳಿಸಿ, ಬಲೂನು ಉಬ್ಬಿಸಿ, ಒಂದು ಸ್ಟೆಂಟು ಕೂರಿಸಿದರು. ನಾಲ್ಕು ದಿನಕ್ಕೆ ಮನೆಗೆ ಕಳಿಸಿದರು. ಮಣಿಕಟ್ಟಿನಲ್ಲಿ ಒಂದು ಸಣ್ಣ ನೀಲಿ ಕಲೆ ಬಿಟ್ಟರೆ ಹೊರಗೆ ಗುರುತೇ ಇಲ್ಲ.

“ಇಷ್ಟೇನಾ ಸಾರ್?” ಎಂದೆ, ಆ ಕಲೆ ನೋಡಿ.

“ಒಳಗೆ ಲೋಹ ಇದೆ ಸಾಹುಕಾರ್ರೇ,” ಎಂದರು ಗಂಭೀರವಾಗಿ.

“ನನ್ನ ಅಂಗಡೀಲಿ ಕೇಳಿದ್ರೆ ನಾನೇ ಕೊಡ್ತಿದ್ದೆ.”

ಅವರ ಹೆಂಡತಿ ಅಡುಗೆಮನೆಯಿಂದ ನಕ್ಕರು. ನಿಯಮಪ್ಪನವರು ನಗಲಿಲ್ಲ. ಬ್ಯಾಂಕಿನಿಂದ ತರಿಸಿಕೊಂಡಿದ್ದ ಒಂದು ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಪೆನ್ನಿನ ಮುಚ್ಚಳ ತೆಗೆಯುತ್ತಿದ್ದರು.

ಆ ಹಾಳೆಯ ವಿಷಯ ಹೇಳಬೇಕು. ಅನಾರೋಗ್ಯದ ರಜೆಗೆ ಒಬ್ಬೊಬ್ಬರು ಒಂದೊಂದು ಥರ ಅರ್ಜಿ ಬರೆಯುತ್ತಾರೆ, ಮನೆಯ ಕಥೆಯನ್ನೆಲ್ಲ ತುಂಬುತ್ತಾರೆ ಎಂದು ಹದಿನೆಂಟು ವರ್ಷದ ಹಿಂದೆ ಇವರೇ ಕೂತು ಒಂದು ಮಾದರಿ ಮಾಡಿದ್ದರು. ‘ನಾನು ____ ಕಾಯಿಲೆಯಿಂದ ಬಳಲುತ್ತಿದ್ದು, ವೈದ್ಯರು ನನಗೆ ____ ದಿನಗಳ ಸಂಪೂರ್ಣ ಹಾಸಿಗೆ ವಿಶ್ರಾಂತಿಯನ್ನು ಸೂಚಿಸಿರುತ್ತಾರೆ. ಆದಕಾರಣ ದಿನಾಂಕ ____ರಿಂದ ____ರವರೆಗೆ ವೈದ್ಯಕೀಯ ರಜೆ ಮಂಜೂರು ಮಾಡಬೇಕಾಗಿ ವಿನಂತಿ.’ ಕೆಳಗೆ ಸಹಿ, ಜೊತೆಗೆ ವೈದ್ಯರ ಪ್ರಮಾಣಪತ್ರ. ಜ್ವರ ಬಂದವರು, ಹಲ್ಲು ಕೀಳಿಸಿಕೊಂಡವರು, ಹೆತ್ತು ಬಂದವರ ಗಂಡಂದಿರು ಎಲ್ಲರೂ ಹದಿನೆಂಟು ವರ್ಷದಿಂದ ಇದನ್ನೇ ತುಂಬಿ, ಸಂಪೂರ್ಣವಾಗಿ ಹಾಸಿಗೆಯಲ್ಲಿ ಮಲಗಿ, ಗುಣವಾಗಿ ಬಂದಿದ್ದರು. ಈಗ ರಜೆಯನ್ನು ಕಂಪ್ಯೂಟರಿನಲ್ಲೂ ಹಾಕಬೇಕು, ಆದರೂ ಈ ಹಾಳೆ ಸಹಿಯಾಗಿ ಬರದಿದ್ದರೆ ಅವರು ಮುಂದಕ್ಕೆ ಕಳಿಸುತ್ತಿರಲಿಲ್ಲ.

ಈಗ ಅದೇ ಹಾಳೆಯಲ್ಲಿ ತಮ್ಮ ಹೆಸರು ಬರೆದರು. ಕಾಯಿಲೆಯ ಜಾಗದಲ್ಲಿ ‘ಹೃದಯಾಘಾತ, ಆಂಜಿಯೋಪ್ಲಾಸ್ಟಿ, ಸ್ಟೆಂಟ್ ಅಳವಡಿಕೆ’ ಎಂದು ಬರೆಯುವಾಗ ಜಾಗ ಸಾಲದೆ ಅಕ್ಷರ ಸಣ್ಣ ಮಾಡಬೇಕಾಯಿತು. ಆಸ್ಪತ್ರೆಯ ಬಿಡುಗಡೆ ಪತ್ರ ತೆಗೆದು, ಎಷ್ಟು ದಿನ ಎಂದು ಹುಡುಕಿ, ಹದಿನೈದು ಎಂದು ಖಾಲಿ ಜಾಗ ತುಂಬಿದರು. ಉಳಿದದ್ದು ಓದಲಿಲ್ಲ. ಖಾಲಿ ಜಾಗಕ್ಕೆ ಬೇಕಾದದ್ದು ಅಷ್ಟೇ ತಾನೆ.

ಬ್ಯಾಂಕು ನಮ್ಮಿಂದ ಎರಡು ರಸ್ತೆ ಆಚೆ. ನಾನು ಹೇಗೂ ದಿನಾ ಹೋಗುವವನು. ಅರ್ಜಿಯನ್ನೂ ಆಸ್ಪತ್ರೆಯ ಪ್ರಮಾಣಪತ್ರವನ್ನೂ ನನ್ನ ಕೈಗೆ ಕೊಟ್ಟು, “ಅರ್ಜಿಯ ನಕಲಿನ ಮೇಲೆ ಸೀಲು ಹಾಕಿಸ್ಕೊಂಡು ಬನ್ನಿ. ತಾರೀಕು ಇರೋ ಸೀಲು. ದುಂಡನೇದು ಅಲ್ಲ,” ಎಂದರು.

ಹೋದೆ. ಅವರ ಮೇಜಿನಲ್ಲಿ ಆಗ ಕೂತಿದ್ದವಳು ಕ್ಯಾಷಿಯರಮ್ಮ. ಮೊದಲು ಕ್ಯಾಷ್ ಕೌಂಟರಿನಲ್ಲಿದ್ದವಳು, ಈಗ ಇವರಿಲ್ಲದಷ್ಟು ದಿನ ಸಿಬ್ಬಂದಿ ಮೇಜು ನೋಡಲು ಹೇಳಿದ್ದರು. ಅರ್ಜಿಯನ್ನು ಮೇಲಿಂದ ಕೆಳಗೆ ಓದಿ, “ಸಂಪೂರ್ಣ ಹಾಸಿಗೇನಾ?” ಎಂದು ಕೇಳಿ, ನಾನು ಏನೂ ಹೇಳುವ ಮೊದಲೇ ಸೀಲು ಒತ್ತಿ ಕೊಟ್ಟಳು. ತಾರೀಕಿನ ಸೀಲನ್ನೇ.

ಅಲ್ಲಿಗೆ ಕೆಲಸ ಮುಗಿಯಿತು ಅಂದುಕೊಂಡೆ.

ಮೂರನೆಯ ದಿನದಿಂದ ನನ್ನ ತಲೆಯ ಮೇಲೆ ಸದ್ದು ಶುರುವಾಯಿತು. ಪಟ್, ಪಟ್, ಪಟ್ ಎಂದು ಹನ್ನೊಂದು ಹೆಜ್ಜೆ, ಒಂದು ನಿಲುಗಡೆ, ಮತ್ತೆ ಹನ್ನೊಂದು. ಗಿರಾಕಿಗೆ ಬಣ್ಣ ಬೆರೆಸುವಾಗ ಲೆಕ್ಕ ತಪ್ಪುತ್ತಿತ್ತು. ಅಗತ್ಯಕ್ಕಿಂತ ಎರಡು ಹನಿ ಹೆಚ್ಚು ಬಿದ್ದು ಒಬ್ಬರ ಮಲಗುವ ಕೋಣೆ ನೇರಳೆಯಾಗುವುದರಲ್ಲಿತ್ತು. ಬೆಳಿಗ್ಗೆ ಒಂಬತ್ತು ಮುಕ್ಕಾಲಿಗೆ ಸದ್ದು ನಿಲ್ಲುತ್ತಿತ್ತು, ಹತ್ತೂ ಕಾಲಿಗೆ ಮತ್ತೆ ಶುರು. ಸಂಜೆ ಐದೂವರೆಗೆ ನಿಂತರೆ ಆರೂವರೆ ತನಕ ಇಲ್ಲ.

ಏನೆಂದು ನೋಡಲು ಹತ್ತಿ ಹೋದೆ. ನಡುಮನೆಯ ಕುರ್ಚಿಗಳನ್ನೆಲ್ಲ ಗೋಡೆಗೆ ಒತ್ತಿದ್ದರು. ಕಿಟಕಿಯ ಪರದೆ ಹಗಲಲ್ಲೂ ಎಳೆದಿತ್ತು, ಕೋಣೆ ಗೋದಾಮಿನ ಹಾಗೆ ಮಬ್ಬಾಗಿತ್ತು. ಪಂಚೆ ಎತ್ತಿ ಕಟ್ಟಿದ ನಿಯಮಪ್ಪನವರು ದೇವರ ಪಟದ ಗೋಡೆಯಿಂದ ಅಡುಗೆಮನೆಯ ಬಾಗಿಲಿಗೆ, ಬಾಗಿಲಿಂದ ಗೋಡೆಗೆ ತಿರುಗುತ್ತಿದ್ದರು.

“ಸಾರ್, ಇದೇನು?”

“ವಾಕಿಂಗು.”

“ಕೆಳಗೆ ರಸ್ತೆ ಅಂತ ಒಂದಿದೆ. ಉದ್ದಕ್ಕೇ ಇದೆ.”

“ರಸ್ತೇಲಿ ಬಸ್ ಸ್ಟಾಪ್ ಇದೆ,” ಎಂದರು.

ಇದೆ. ನನ್ನ ಅಂಗಡಿಯ ಎದುರಿಗೇ ಇದೆ. ಬ್ಯಾಂಕಿನ ಅರ್ಧ ಜನ ಬೆಳಿಗ್ಗೆ ಒಂಬತ್ತು ಮುಕ್ಕಾಲಿನ ಮೇಲೆ ಅಲ್ಲೇ ಇಳಿಯುತ್ತಾರೆ, ಸಂಜೆ ಐದೂವರೆಯ ಮೇಲೆ ಅಲ್ಲೇ ಹತ್ತುತ್ತಾರೆ. ನಿಲುಗಡೆಯ ರಹಸ್ಯ ಆಗ ಗೊತ್ತಾಯಿತು. ಪರದೆಯ ಮೇಲೆ ನೆರಳು ಓಡಾಡುವುದೂ ಕಾಣಬಾರದು ಎಂದು ಆ ಹೊತ್ತಿಗೆ ಹಾಸಿಗೆಗೆ ಹೋಗುತ್ತಿದ್ದರು.

ಅವರ ಹೆಂಡತಿ ಮಾತ್ರೆಯ ಡಬ್ಬಿ ಹಿಡಿದುಕೊಂಡು ಹೊರಗೆ ಬಂದರು. ಸ್ಟೆಂಟು ಕಟ್ಟಿಕೊಳ್ಳದಿರಲು ರಕ್ತ ತೆಳುವಾಗಿಸುವ ಎರಡು ಮಾತ್ರೆ, ಕೊಬ್ಬಿಗೆ ಒಂದು, ಒತ್ತಡಕ್ಕೆ ಒಂದು. ಒಂದು ಹೊತ್ತೂ ತಪ್ಪಿಸಬಾರದು ಎಂದು ಡಾಕ್ಟರು ಹೇಳಿದ್ದನ್ನು ಆಕೆ ಗೋಡೆಗೆ ಬರೆದು ಅಂಟಿಸಿದ್ದರು.

“ನೋಡಿ ಅಣ್ಣಾ, ಹನ್ನೊಂದು ಹೆಜ್ಜೆಗೊಂದು ಸಲ ತಿರುಗಿ ತಿರುಗಿ ತಲೆ ಸುತ್ತುತ್ತೆ ಅಂತಾರೆ. ಐದು ನಿಮಿಷಕ್ಕೆ ಕೂತ್ಬಿಡ್ತಾರೆ. ಹೊರಗೆ ಹೋಗಿ ಅಂದ್ರೆ ಕಳ್ಳನ ಹಾಗೆ ಪರದೆ ಸಂದೀಲಿ ನೋಡ್ತಾರೆ.”

“ಹೊರಗೆ ಹೋದ್ರೆ ಏನಾಗುತ್ತೆ ಸಾರ್?”

“ನಾನು ಏನು ಅಂತ ಬರೆದು ಕೊಟ್ಟಿದೀನಿ?” ಎಂದರು. “ಹಾಸಿಗೆ ವಿಶ್ರಾಂತಿ. ಹಾಸಿಗೇಲಿರೋನು ರಸ್ತೇಲಿ ಕಂಡ್ರೆ ಏನರ್ಥ? ಒಂದೋ ಅರ್ಜಿ ಸುಳ್ಳು, ಇಲ್ಲಾ ಕಾಯಿಲೆ ಸುಳ್ಳು. ಎರಡಕ್ಕೂ ರಜಾ ಇಲ್ಲ.”

“ಹಾಗೆ ಯಾರು ನೋಡ್ತಾರೆ ಬಿಡಿ.”

ಅವರು ಕೂತರು. ಹೆಂಡತಿಯ ಮುಖ ನೋಡಲಿಲ್ಲ. “ನಾನು ನೋಡಿದೀನಿ,” ಎಂದರು.

ಹೋದ ವರ್ಷದ ಮಾತು. ಕ್ಯಾಷಿಯರಮ್ಮನಿಗೆ ಬೆನ್ನುಮೂಳೆಯ ಡಿಸ್ಕು ಜಾರಿತ್ತು. ಇದೇ ಹಾಳೆ ತುಂಬಿ ಇಪ್ಪತ್ತು ದಿನ ರಜೆ ಹಾಕಿದ್ದಳು. ಹದಿನಾಲ್ಕನೆಯ ದಿನ ತರಕಾರಿ ಮಾರುಕಟ್ಟೆಯಲ್ಲಿ ನಿಯಮಪ್ಪನವರ ಕಣ್ಣಿಗೆ ಬಿದ್ದಳು. ನೆಟ್ಟಗೆ ನಿಂತಿದ್ದಳು, ನಡೆಯುತ್ತಿದ್ದಳು. ಡಾಕ್ಟರೇ ದಿನಾ ನಡೆಯಲು ಹೇಳಿದ್ದಾರೆ ಸಾರ್ ಎಂದಳಂತೆ. ಇವರು ಆಗ ವಾದ ಮಾಡಲಿಲ್ಲ. ಮರುದಿನ ಬೆಳಿಗ್ಗೆ ಮ್ಯಾನೇಜರ ಮುಂದೆ ಒಂದು ಟಿಪ್ಪಣಿ ಇಟ್ಟರು: ಅರ್ಜಿಯಲ್ಲಿ ಸಂಪೂರ್ಣ ಹಾಸಿಗೆ ವಿಶ್ರಾಂತಿ ಎಂದಿದೆ, ಅರ್ಜಿದಾರರು ಮಾರುಕಟ್ಟೆಯಲ್ಲಿ ಕಂಡುಬಂದಿದ್ದಾರೆ. ಕೊನೆಯ ಆರು ದಿನದ ವೈದ್ಯಕೀಯ ರಜೆ ತಿರಸ್ಕಾರವಾಯಿತು. ಬೇರೆ ರಜೆ ಅವಳ ಲೆಕ್ಕದಲ್ಲಿ ಉಳಿದಿರಲಿಲ್ಲ. ಆರು ದಿನ ಸಂಬಳವಿಲ್ಲದ ಗೈರುಹಾಜರಿ ಎಂದು ಬರೆದದ್ದೂ ಇವರೇ, ತಮ್ಮ ದುಂಡಕ್ಷರದಲ್ಲಿ.

“ಆ ಯಮ್ಮನೇ ಈಗ ನಿಮ್ಮ ಕುರ್ಚೀಲಿ,” ಎಂದೆ.

“ದಿನಾ ಎದುರಿನ ಸ್ಟಾಪಲ್ಲೇ ಇಳೀತಾಳೆ,” ಎಂದರು ನಿಯಮಪ್ಪನವರು. “ಇಳಿದ ಕೂಡ್ಲೇ ನಮ್ಮ ಕಿಟಕಿ ಕಡೆ ನೋಡ್ತಾಳೆ.”

“ನೋಡಿದ್ರೆ ನೋಡ್ಲಿ ಬಿಡ್ರೀ. ಆರೋಗ್ಯ ಹೇಗಿದ್ಯೋ ಅಂತ ನೋಡ್ತಾಳೇನೋ,” ಎಂದರು ಹೆಂಡತಿ.

“ನಾನು ಹಾಗೆ ನೋಡಿರಲಿಲ್ಲ.”

ಹದಿಮೂರನೆಯ ದಿನ ಡಾಕ್ಟರಿಗೆ ತೋರಿಸಲು ಹೋಗಬೇಕಿತ್ತು. ನನ್ನ ಗಾಡಿಯಲ್ಲೇ ಕರೆದುಕೊಂಡು ಹೋದೆ. ಮೆಟ್ಟಿಲು ಇಳಿಯುವಾಗ ಕೊರಳಿಗೆ ಶಾಲು ಸುತ್ತಿ, ಹೆಂಡತಿಯ ಹೆಗಲ ಮೇಲೆ ಕೈಯಿಟ್ಟು, ಅರವತ್ತೈದರ ಮುದುಕನ ಹಾಗೆ ನಡೆದರು. ವಯಸ್ಸು ಐವತ್ತಾರು. ಬಸ್ ಸ್ಟಾಪಿನಲ್ಲಿ ಯಾರೂ ಇರಲಿಲ್ಲ, ನಟನೆ ವ್ಯರ್ಥವಾಯಿತು.

ಡಾಕ್ಟರು ಇ.ಸಿ.ಜಿ. ನೋಡಿದರು, ಎಕೋ ಮಾಡಿಸಿದರು, ಎದೆ ಕೇಳಿದರು. ಸ್ಟೆಂಟು ಚೆನ್ನಾಗಿದೆ, ಹೃದಯದ ಬಡಿತಕ್ಕೆ ಇನ್ನೂ ಪೂರ್ತಿ ಬಲ ಬಂದಿಲ್ಲ, ಬರುತ್ತದೆ ಎಂದರು. ಆಮೇಲೆ ಕೇಳಿದರು:

“ದಿನಾ ಎಷ್ಟು ನಡೀತಿದೀರಿ?”

ನಿಯಮಪ್ಪನವರು ಸುಳ್ಳು ಹೇಳುವವರಲ್ಲ. “ಒಂದು ಸಲಕ್ಕೆ ಐದು ನಿಮಿಷ. ಒಳಗಡೆ.”

“ಒಳಗಡೆ ಅಂದ್ರೆ?”

“ನಡುಮನೇಲಿ.”

ಡಾಕ್ಟರು ಪೆನ್ನು ಕೆಳಗಿಟ್ಟರು. ಅವರೇನೂ ಗದರಲಿಲ್ಲ. ಅಲ್ಲಿಂದ ಕಾರಿಡಾರಿನ ತುದಿಗೆ ನಡೆದು ವಾಪಸು ಬನ್ನಿ ಎಂದರು. ಇವರು ಹೋದರು. ಬರುವಾಗ ಏದುಸಿರು ಬಿಡುತ್ತ ಗೋಡೆ ಹಿಡಿದರು. ಹೆಂಡತಿಯ ಮುಖ ಬಿಳಿಚಿಕೊಂಡಿತು.

“ಗಾಬರಿ ಬೇಡ ಅಮ್ಮಾ, ಇದು ಸ್ಟೆಂಟಿನ ತೊಂದ್ರೆ ಅಲ್ಲ,” ಎಂದರು ಡಾಕ್ಟರು. “ಮಲಗಿ ಮಲಗಿ ಕಾಲಿನ ಬಲ ಹೋಗಿದೆ. ಕಾಯಿಲೆಗೆ ನಾನು ಔಷಧ ಕೊಟ್ಟೆ, ಇವರು ಹಾಸಿಗೆಗೆ ಹೋಗಿ ಇನ್ನೊಂದು ಕಾಯಿಲೆ ತಂದ್ಕೊಂಡಿದಾರೆ. ನಡೀದೇ ಇದ್ರೆ ನಾನು ಕೆಲಸಕ್ಕೆ ಹೋಗಬಹುದು ಅಂತ ಬರೆದು ಕೊಡಲ್ಲ. ಬೆಳಿಗ್ಗೆ ಇಪ್ಪತ್ತು ನಿಮಿಷ, ಸಂಜೆ ಇಪ್ಪತ್ತು ನಿಮಿಷ. ಮೊದಲ ವಾರ ಹತ್ತರಿಂದ ಶುರು ಮಾಡಿ. ಎದೆ ನೋವು ಬಂದ್ರೆ ನಿಲ್ಲಿಸಿ, ನನಗೆ ಫೋನ್ ಮಾಡಿ.”

ಹಾಗೆನ್ನುತ್ತಲೇ ಪ್ರಮಾಣಪತ್ರ ಬರೆದುಕೊಟ್ಟರು: ಇನ್ನೂ ನಾಲ್ಕು ವಾರ ಕಚೇರಿ ಕೆಲಸಕ್ಕೆ ಯೋಗ್ಯರಲ್ಲ, ದಿನಕ್ಕೆ ಎರಡು ಸಲ ಇಪ್ಪತ್ತು ನಿಮಿಷ ಸಮತಟ್ಟು ಜಾಗದಲ್ಲಿ ನಡೆಯುವಂತೆ ಸೂಚಿಸಲಾಗಿದೆ.

ನಿಯಮಪ್ಪನವರು ಅದನ್ನು ಎರಡು ಸಲ ಓದಿದರು.

“ಡಾಕ್ಟ್ರೇ, ಈ ಎರಡನೇ ಸಾಲು ಬೇಕಾ?”

“ಯಾಕೆ, ತಪ್ಪಿದ್ಯಾ?”

“ತಪ್ಪೇನಿಲ್ಲ. ನಡೀತೀನಿ. ಬರೀಬೇಕಾ ಅಂತ.”

“ಹೇಳಿದ್ದನ್ನೇ ಬರೀತೀನಿ ನಾನು. ಬರೀದೇ ಇದ್ರೆ ನೀವು ಮಾಡಲ್ಲ ಅಂತ ಈಗಷ್ಟೇ ನೋಡಿದೆ,” ಎಂದು ಮುಂದಿನ ರೋಗಿಯನ್ನು ಕರೆದರು.

ಮನೆಗೆ ಬಂದಾಗ ಮೆಟ್ಟಿಲಿನ ಮಧ್ಯದಲ್ಲಿ ಕೂತುಬಿಟ್ಟರು. ಹದಿನಾರು ಮೆಟ್ಟಿಲು, ಎಂಟನೆಯದರಲ್ಲಿ ಕೂತರು. ನಾನು ಹಿಂದೆ ನಿಂತಿದ್ದೆ, ಹೆಂಡತಿ ಮುಂದೆ. ಅಲ್ಲಿ ಕೂತೇ ಹೇಳಿದರು.

“ನಾಡಿದ್ದು ಹದಿನೈದು ದಿನ ಮುಗಿಯುತ್ತೆ. ಅಷ್ಟರೊಳಗೆ ರಜೆ ಮುಂದುವರಿಸೋ ಅರ್ಜಿ ಹೋಗ್ಬೇಕು. ಅರ್ಜಿ ಜೊತೆ ಈ ಪ್ರಮಾಣಪತ್ರ ಇಡ್ಬೇಕು. ಇದ್ರಲ್ಲಿ ನಡೀಬೇಕು ಅಂತಿದೆ. ಹಿಂದಿನ ಅರ್ಜೀಲಿ ಮಲಗಿರಬೇಕು ಅಂತಿದೆ. ಎರಡನ್ನೂ ಒಂದೇ ಫೈಲಲ್ಲಿ ನೋಡಿದೋರು ಏನಂತಾರೆ? ದಿನಕ್ಕೆ ನಲವತ್ತು ನಿಮಿಷ ನಡೆಯೋ ಮನುಷ್ಯ ಎರಡು ರಸ್ತೆ ಆಚೆಗಿನ ಬ್ಯಾಂಕಿಗೆ ಯಾಕೆ ಬರಬಾರದು ಅಂತಾರೆ.”

“ಹಾಗಾದ್ರೆ ಕೆಲಸಕ್ಕೇ ಹೋಗಿಬಿಡಿ,” ಎಂದೆ.

“ಯೋಗ್ಯತಾ ಪತ್ರ ಇಲ್ದೇ ಒಳಗೆ ಸೇರಿಸಲ್ಲ. ನಾನೇ ಯಾರನ್ನೂ ಸೇರಿಸಿಲ್ಲ. ಡಾಕ್ಟ್ರು ಆ ಪತ್ರ ಕೊಡೋದು ನಡೆದ ಮೇಲೆ.”

“ಅರ್ಜಿ ಕೊಡದೇ ಮನೇಲಿದ್ದುಬಿಡಿ.”

“ಅನಧಿಕೃತ ಗೈರುಹಾಜರಿ.”

ಒಳಗೆ ಹೋಗಲೂ ಆಗದು, ಹೊರಗೆ ಬರಲೂ ಆಗದು, ಮಧ್ಯದ ಮೆಟ್ಟಿಲಲ್ಲಿ ಕೂರಲು ಮಾತ್ರ ಆಗುತ್ತದೆ ಎನ್ನುವ ಹಾಗೆ ಅಲ್ಲೇ ಕೂತಿದ್ದರು. ನಾನು ವ್ಯಾಪಾರಸ್ಥ. ದಾರಿ ಇಲ್ಲ ಎಂದರೆ ಹಿಂದಿನ ಬಾಗಿಲು ಎಲ್ಲಿದೆ ನೋಡುವುದು ಅಭ್ಯಾಸ.

“ಬೇರೆ ಡಾಕ್ಟರ ಹತ್ರ ಹೋದ್ರಾಯ್ತು. ಎರಡನೇ ಸಾಲು ಇಲ್ದೇ ಇರೋ ಸರ್ಟಿಫಿಕೇಟು ಸಿಗುತ್ತೆ. ಗೊತ್ತಿರೋರಿದಾರೆ.”

ನಿಯಮಪ್ಪನವರು ನನ್ನನ್ನು ನೋಡಿದ ನೋಟಕ್ಕೆ ನಾನು ಎರಡು ಮೆಟ್ಟಿಲು ಕೆಳಗಿಳಿದೆ. “ಇಪ್ಪತ್ತೆಂಟು ವರ್ಷದ ಸರ್ವೀಸಲ್ಲಿ ನನ್ನ ಮೇಜಿನ ಮೇಲಿಂದ ಸುಳ್ಳು ಕಾಗದ ಹೋಗಿಲ್ಲ ಸಾಹುಕಾರ್ರೇ.”

“ಒಂದು ಹೋಗಿದೆ,” ಎಂದರು ಹೆಂಡತಿ.

ಆಕೆ ಮೇಲಿನ ಮೆಟ್ಟಿಲಲ್ಲಿ ನಿಂತು ಆಸ್ಪತ್ರೆಯ ಚೀಲ ಬಿಚ್ಚಿ, ಬಿಡುಗಡೆ ಪತ್ರ ಹುಡುಕುತ್ತಿದ್ದರು. “ಹಾಸಿಗೇಲೇ ಇರಿ ಅಂತ ನಿಮಗೆ ಯಾವ ಡಾಕ್ಟ್ರು ಹೇಳಿದ್ರು? ನಾನು ಪಕ್ಕದಲ್ಲೇ ಇದ್ದೆ, ನನಗಂತೂ ಕೇಳಿಸ್ಲಿಲ್ಲ.”

ಪತ್ರ ಸಿಕ್ಕಿತು. ಮಾತ್ರೆಗಳ ಪಟ್ಟಿಯ ಕೆಳಗೆ ಸಣ್ಣ ಅಕ್ಷರದಲ್ಲಿತ್ತು: ಹದಿನೈದು ದಿನ ಕೆಲಸದಿಂದ ವಿಶ್ರಾಂತಿ, ಭಾರ ಎತ್ತಬಾರದು, ಮೊದಲ ದಿನದಿಂದಲೇ ನಿಧಾನವಾಗಿ ನಡೆಯಬೇಕು, ದಿನದಿಂದ ದಿನಕ್ಕೆ ಹೆಚ್ಚಿಸಬೇಕು. ಹಾಸಿಗೆ ಎಂಬ ಮಾತೇ ಇರಲಿಲ್ಲ.

ನಿಯಮಪ್ಪನವರು ಅದನ್ನು ಬೆರಳಿಟ್ಟು ಓದಿದರು. ಅವರ ಮುಖ ಆಗ ಹೇಗಿತ್ತು ಎಂದರೆ, ಎದೆ ಹಿಂಡಿದ ದಿನವೂ ಹಾಗಿದ್ದಿರಲಿಕ್ಕಿಲ್ಲ.

“ವೈದ್ಯರು ಸೂಚಿಸಿರುತ್ತಾರೆ ಅಂತ ಸಹಿ ಹಾಕಿದೀನಿ,” ಎಂದರು.

“ಮಾದರೀಲಿ ಇತ್ತು, ಹಾಕಿದ್ರಿ. ಹೋಗ್ಲಿ ಬಿಡಿ ಸಾರ್.”

“ಮಾದರಿ ನನ್ನದು.”

ಮರುದಿನವೆಲ್ಲ ಮೇಲಿಂದ ಹೆಜ್ಜೆ ಸದ್ದು ಬರಲಿಲ್ಲ. ಮಧ್ಯಾಹ್ನ ಆಕೆ ಇಳಿದು ಬಂದು, “ಬರೀತಾನೇ ಇದಾರೆ ಅಣ್ಣಾ. ಹರಿದು ಹರಿದು ಬರೀತಿದಾರೆ. ಊಟಕ್ಕೆ ಮುಂಚಿನ ಮಾತ್ರೆ ಊಟ ಆದ ಮೇಲೆ ಕೊಟ್ಟೆ, ಅವರಿಗೆ ಗೊತ್ತೇ ಆಗ್ಲಿಲ್ಲ. ಒಂದ್ಸಲ ಬಂದು ಹೇಳಿ,” ಎಂದರು.

ಹೋದೆ. ಈ ಸಲ ಮಾದರಿ ಹಾಳೆ ಇಲ್ಲ, ಬಿಳಿ ಹಾಳೆ. ಓದಲು ಕೊಟ್ಟರು. ಮೊದಲ ಭಾಗ ಸರಿಯಾಗಿಯೇ ಇತ್ತು. ಇಂಥ ತಾರೀಕಿನಿಂದ ರಜೆಯಲ್ಲಿದ್ದೇನೆ, ವೈದ್ಯರು ಇನ್ನೂ ನಾಲ್ಕು ವಾರ ಕಚೇರಿ ಕೆಲಸಕ್ಕೆ ಯೋಗ್ಯನಲ್ಲವೆಂದು ಪ್ರಮಾಣೀಕರಿಸಿದ್ದಾರೆ, ದಿನಕ್ಕೆರಡು ಸಲ ನಡೆಯಲು ಸೂಚಿಸಿದ್ದಾರೆ, ಪ್ರಮಾಣಪತ್ರ ಲಗತ್ತಿಸಿದೆ, ರಜೆ ಮುಂದುವರಿಸಬೇಕಾಗಿ ವಿನಂತಿ. ಆಮೇಲೆ ಎರಡನೆಯ ಭಾಗ: ‘ನನ್ನ ಹಿಂದಿನ ಅರ್ಜಿಯಲ್ಲಿ ಸಂಪೂರ್ಣ ಹಾಸಿಗೆ ವಿಶ್ರಾಂತಿ ಎಂದು ನಮೂದಿಸಿರುವುದು ವೈದ್ಯರ ಸೂಚನೆಯಂತಲ್ಲ, ಶಾಖೆಯ ಮಾದರಿಯಂತೆ. ಆ ಮಾದರಿಯನ್ನು ಸಿದ್ಧಪಡಿಸಿದವನು ನಾನೇ. ಅದು ತಪ್ಪು.’

“ಮೊದಲ ಭಾಗಕ್ಕೆ ಸಹಿ ಹಾಕಿ,” ಎಂದೆ. “ಎರಡನೇದಕ್ಕೆ ಕತ್ತರಿ ಹಾಕಿ.”

“ಅದಿಲ್ದೇ ಹೇಗೆ?”

“ಸಾರ್, ಗಿರಾಕಿ ಡಬ್ಬಿ ತೆಗೆದು ನೋಡೋ ಮೊದ್ಲೇ ಬಣ್ಣ ಕೆಟ್ಟಿದೆ ಅಂತ ಯಾವ ಅಂಗಡಿಯವನಾದ್ರೂ ಹೇಳ್ತಾನಾ?”

“ಅದಕ್ಕೇ ನಾನು ಅಂಗಡಿ ಇಟ್ಟಿಲ್ಲ,” ಎಂದು ಸಹಿ ಹಾಕಿದರು.

ಹೆಂಡತಿ ಬಾಗಿಲಿಗೆ ಒರಗಿ ನಿಂತಿದ್ದರು. “ರಜೆ ಸಿಗದೇ ಹೋದ್ರೆ ಏನ್ರೀ ಮಾಡೋದು? ಈ ಉಸಿರಲ್ಲಿ ಬ್ಯಾಂಕಿಗೆ ಹೋಗ್ತೀರಾ?” ಎಂದು ಕೇಳಿದರು. ಅವರು ಕಾಗದವನ್ನು ಮೂರು ಮಡಿಕೆ ಮಾಡಿ ಲಕೋಟೆಗೆ ಹಾಕಿ, ನನ್ನ ಕಡೆ ಚಾಚಿದರು.

ದಾರಿಯಲ್ಲಿ ನನಗೆ ಬಂದ ಯೋಚನೆಯನ್ನು ಮುಚ್ಚಿಡುವುದಿಲ್ಲ. ಎರಡು ರಸ್ತೆಯ ನಡುವೆ ಒಂದು ಟೈಪಿಂಗ್ ಅಂಗಡಿ ಇದೆ. ಮೊದಲ ಭಾಗವನ್ನಷ್ಟೇ ಹೊಡೆಸಿ, ಸಹಿಗೆ ವಾಪಸು ಒಯ್ದು, ಬ್ಯಾಂಕಿನವರೇ ಹೀಗೆ ಕೇಳಿದರು ಎನ್ನಬಹುದಿತ್ತು. ಅಂಗಡಿಯ ಮುಂದೆ ನಿಂತೂ ನಿಂತೆ. ಆದರೆ ನಕಲಿನ ಮೇಲೆ ಯಾವ ಸೀಲು ಎಂದು ಕೇಳುವ ಮನುಷ್ಯನಿಗೆ ಮೋಸ ಮಾಡುವುದು ಬಹಳ ಶ್ರಮದ ಕೆಲಸ. ಮುಂದೆ ನಡೆದೆ.

ಕ್ಯಾಷಿಯರಮ್ಮ ಲಕೋಟೆ ಒಡೆದು ಪ್ರಮಾಣಪತ್ರ ಮೊದಲು ನೋಡಿದಳು. ತಾರೀಕು, ಸೀಲು, ಡಾಕ್ಟರ ನೋಂದಣಿ ಸಂಖ್ಯೆ ಎಲ್ಲದರ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿದಳು. ಅರ್ಜಿಯನ್ನು ಬದಿಗಿಟ್ಟಳು.

“ಅರ್ಜಿ ಓದಲ್ವಾ?” ನನಗೇ ತಡೆಯಲಾಗಲಿಲ್ಲ.

“ಮೇಲಿನ ಕಚೇರಿಯೋರು ಅರ್ಜಿ ಓದಲ್ಲ ಸಾಹುಕಾರ್ರೇ. ಸರ್ಟಿಫಿಕೇಟು ಸರಿ ಇದ್ರೆ ರಜೆ ಆಗುತ್ತೆ. ಅವರದ್ದು ಆಗುತ್ತೆ, ರಜೆ ಬೇಕಾದಷ್ಟಿದೆ.”

“ಮತ್ತೆ ಈ ಹಾಸಿಗೆ ಗೀಸಿಗೆ ಅನ್ನೋದನ್ನ ಓದೋರು ಯಾರು?”

“ಒಬ್ರಿದ್ರು,” ಎಂದಳು. “ಅವರೀಗ ರಜೇಲಿದಾರೆ.”

ಇಷ್ಟು ದಿನ ಪರದೆ ಎಳೆದುಕೊಂಡು ಕೂತ ಮನುಷ್ಯನ ನೆನಪಾಯಿತು. ನಗು ಬರಲಿಲ್ಲ. ಹಾಗಾದರೆ ಎರಡನೆಯ ಭಾಗ ಯಾರ ಕಣ್ಣಿಗೂ ಬೀಳದೆ ಫೈಲಿಗೆ ಹೋಗುತ್ತದೆ, ಒಳ್ಳೆಯದೇ ಆಯಿತು ಅಂದುಕೊಂಡೆ. ಅಷ್ಟರಲ್ಲಿ ಸೀಲು ಒತ್ತಲೆಂದು ಅವಳು ಅರ್ಜಿ ಬಿಡಿಸಿದಳು. ಕಣ್ಣು ಕೆಳಗೆ ಹೋಯಿತು. ಅಲ್ಲೇ ನಿಂತಿತು.

ಓದಿ ಮುಗಿಸಿದಳು. ಆಮೇಲೆ ಆವಕ ಪುಸ್ತಕ ಎಳೆದು, ಬಂದ ಕಾಗದಕ್ಕೆ ಕೊಡುವ ನಂಬರು ಬರೆದು, ಅದೇ ನಂಬರನ್ನು ಅರ್ಜಿಯ ನೆತ್ತಿಯ ಮೇಲೂ ಬರೆದು, ಸೀಲು ಒತ್ತಿದಳು. ಗಟ್ಟಿಯಾಗಿಯೇ ಒತ್ತಿದಳು. ಎದ್ದು ಮ್ಯಾನೇಜರ ಕೋಣೆಗೆ ಹೋದಳು. ನನ್ನನ್ನೂ ಕರೆದರು.

“ಇದನ್ನ ಯಾಕ್ರೀ ಬರೆದ್ರು ಇವರು?” ಮ್ಯಾನೇಜರು ತಲೆ ಹಿಡಿದುಕೊಂಡಿದ್ದರು. “ಆ ಮಾದರೀಲಿ ನಾನೇ ನೂರು ರಜೆ ಶಿಫಾರಸು ಮಾಡಿದೀನಿ. ವಾಪಸು ತಗೊಂಡು ಹೋಗಿ, ಕೆಳಗಿನದು ಬಿಟ್ಟು ಬರೆಸ್ಕೊಂಡು ಬನ್ನಿ.”

“ನಂಬರ್ ಬಿದ್ದಿದೆ ಸಾರ್,” ಎಂದಳು ಕ್ಯಾಷಿಯರಮ್ಮ.

“ಯಾಕಮ್ಮ ಹಾಕಿದೆ?”

“ಬಂದ ಕಾಗದಕ್ಕೆ ಮೊದಲು ನಂಬರು ಹಾಕು ಅಂತ ಹೇಳ್ಕೊಟ್ಟಿದ್ದೇ ಅವರು.”

ಮ್ಯಾನೇಜರು ಕಾಗದವನ್ನು ತಿರುಗಿಸಿ ನೋಡಿದರು, ನಂಬರು ಹಿಂದುಗಡೆಯಿಂದ ಅಳಿಸಿಹೋಗುತ್ತದೇನೋ ಎನ್ನುವ ಹಾಗೆ.

“ಸಾರ್,” ಎಂದಳು ಅವಳು, “ರಜೆ ಮುಂದುವರಿಸೋದಕ್ಕೆ ನನ್ನದೇನೂ ತಕರಾರಿಲ್ಲ. ಇವತ್ತೇ ಕಳಿಸ್ತೀನಿ. ಇದರದೊಂದು ಜೆರಾಕ್ಸ್ ಬೇಕು ನನಗೆ. ಹೋದ ವರ್ಷದ ನನ್ನ ಆರು ದಿನ ಮತ್ತೆ ಪರಿಶೀಲಿಸಿ ಅಂತ ಅರ್ಜಿ ಹಾಕ್ತೀನಿ. ಮಾದರಿ ತಪ್ಪು ಅಂತ ಅವರೇ ಬರೆದಿದಾರಲ್ಲ.”

“ಹಾಗಾದ್ರೆ ಅವರಿಂದ ವಿವರಣೆ ಕೇಳಬೇಕಾಗುತ್ತಮ್ಮ. ಹೃದಯದ ರೋಗಿ.”

“ಕೆಲಸಕ್ಕೆ ಬಂದ ಮೇಲೆ ಕೇಳಿ ಸಾರ್. ನನಗೆ ಅವಸರ ಇಲ್ಲ. ಒಂದು ವರ್ಷ ಕಾದಿದೀನಿ.”

ನಾಲ್ಕನೆಯ ದಿನ ನಿಯಮಪ್ಪನವರ ಫೋನಿಗೆ ಸಂದೇಶ ಬಂತು. ನಾಲ್ಕು ವಾರದ ರಜೆ ಮಂಜೂರು. ಹಿಂದೆಯೇ ಮ್ಯಾನೇಜರು ಫೋನು ಮಾಡಿ, ಹಳೆಯ ಮಾದರಿ ಇನ್ನು ಬಳಸುವುದಿಲ್ಲ, ಸೇವೆಗೆ ಹಾಜರಾದ ಏಳು ದಿನದೊಳಗೆ ಆ ಮಾದರಿಯ ಬಗ್ಗೆಯೂ ಕ್ಯಾಷಿಯರಮ್ಮನ ಆರು ದಿನದ ಬಗ್ಗೆಯೂ ಲಿಖಿತ ವಿವರಣೆ ಕೊಡಬೇಕು, ಈಗ ಅದನ್ನೆಲ್ಲ ತಲೆಗೆ ಹಚ್ಚಿಕೊಳ್ಳಬೇಡಿ ಎಂದರು. ತಲೆಗೆ ಹಚ್ಚಿಕೊಳ್ಳಬೇಡಿ ಎಂದು ನಿಯಮಪ್ಪನವರಿಗೆ ಹೇಳುವುದು ಗೋಡೆಗೆ ಬಣ್ಣ ಹಚ್ಚಿ ಒಣಗಬೇಡ ಎಂದ ಹಾಗೆ. ಆದರೂ ಫೋನಿಟ್ಟು ಅವರು ಹೇಳಿದ್ದು ಒಂದೇ ಮಾತು: “ವಿವರಣೆ ಏನಿದೆ. ಅವಳ ಆರು ದಿನ ಕೊಡಬೇಕು ಅಂತ ಬರೀತೀನಿ.” ಹೆಂಡತಿ ಹೋಗಿ ಪರದೆ ಸರಿಸಿದರು.

ಮರುದಿನ ಬೆಳಿಗ್ಗೆ ಅವರು ರಸ್ತೆಗೆ ಇಳಿದರು. ನಾನು ಶಟರು ಎತ್ತುತ್ತಿದ್ದೆ. ಬಿಳಿ ಅಂಗಿ, ಕೈಗಡಿಯಾರ, ಜೇಬಿನಲ್ಲಿ ಮಡಿಸಿದ ಪ್ರಮಾಣಪತ್ರದ ನಕಲು.

“ಅದೆಂಥಕ್ಕೆ ಸಾರ್?”

“ಯಾರಾದ್ರೂ ಕೇಳಿದ್ರೆ.”

ಅಂಗಡಿಯಿಂದ ಮೂಲೆಯ ತನಕ, ಮೂಲೆಯಿಂದ ಅಂಗಡಿಗೆ ಓಡಾಡಿದರು. ನಡುಮನೆಯಲ್ಲಿ ನಡೆದ ಹಾಗೆಯೇ, ತಲೆ ತಗ್ಗಿಸಿ, ಕೊನೆ ಮುಟ್ಟಿ ತಿರುಗಿ. ಇಷ್ಟು ಉದ್ದದ ರಸ್ತೆಯಲ್ಲೂ ಅವರು ಗೋಡೆಯ ಪಕ್ಕಕ್ಕೇ ನಡೆಯುತ್ತಿದ್ದರು. ಒಂಬತ್ತು ಮುಕ್ಕಾಲಿಗೆ ಬಸ್ಸು ಬಂತು. ಅವರು ನನ್ನ ಅಂಗಡಿಯ ಒಳಕ್ಕೆ ಸರಿಯಲು ಒಂದು ಕಾಲು ಎತ್ತಿದರು, ಮತ್ತೆ ಕೆಳಗಿಟ್ಟರು. ಕ್ಯಾಷಿಯರಮ್ಮ ಇಳಿದಳು. ರಸ್ತೆ ದಾಟಿ ಬಂದಳು.

“ನಮಸ್ಕಾರ ಸಾರ್. ಎಷ್ಟಾಯ್ತು?”

“ಹನ್ನೆರಡು ನಿಮಿಷ.”

“ಸರ್ಟಿಫಿಕೇಟಲ್ಲಿ ಇಪ್ಪತ್ತಿದೆ.”

“ಮೊದಲ ವಾರ ಹತ್ತರಿಂದ ಶುರು ಮಾಡಿ ಅಂದಿದಾರೆ ಡಾಕ್ಟ್ರು.”

“ಅದು ಬಾಯಲ್ಲಿ ಹೇಳಿದ್ದು ಸಾರ್,” ಎಂದಳು. “ಫೈಲಲ್ಲಿ ಇಪ್ಪತ್ತೇ ಇರೋದು.” ಬೆನ್ನಿಗೆ ಒಂದು ಕೈ ಆನಿಸಿಕೊಂಡು ಬ್ಯಾಂಕಿನ ಕಡೆ ನಡೆದಳು. ಮೂಲೆ ತಿರುಗುವಾಗ ಅವಳ ಮುಖದಲ್ಲಿ ನಗುವಿತ್ತೋ ಇಲ್ಲವೋ ನನಗೆ ಕಾಣಲಿಲ್ಲ.

“ತಮಾಷೆ ಮಾಡಿದ್ಳು ಸಾರ್, ಬನ್ನಿ ಕೂತ್ಕೊಳ್ಳಿ,” ಎಂದು ಸ್ಟೂಲು ಹಾಕಿದೆ.

ಅವರು ಸ್ಟೂಲು ನೋಡಿದರು, ಗಡಿಯಾರ ನೋಡಿದರು. ಮೇಲೆ ಕಿಟಕಿಯಿಂದ ಹೆಂಡತಿ, “ಸಾಕು ಬನ್ರೀ, ಮುಖ ಬಾಡಿದೆ,” ಎಂದು ಕೂಗಿದರು. ನಿಯಮಪ್ಪನವರು ಆಕೆಗೂ ಕೈ ಎತ್ತಿ ಬೇಡ ಎಂದರು. ಎದೆಯಲ್ಲಿ ನೋವಿಲ್ಲ ಎಂದು ಅಂಗೈಯಿಟ್ಟು ಖಚಿತ ಮಾಡಿಕೊಂಡರು. ಇನ್ನೂ ಎಂಟು ನಿಮಿಷ ಬಾಕಿ ಇತ್ತು. ತಿರುಗಿ ಮೂಲೆಯ ಕಡೆ ಹೊರಟರು.